ಅತಿಥಿ ಪರಿಚಯದಲ್ಲಿ ಗಾದೆ ಎಲ್ಲಿ ಹೇಳಬೇಕು?

ಅತಿಥಿಯನ್ನು ಪರಿಚಯಿಸುವಾಗ ಗಾದೆಯಿಂದ ಶುರು ಮಾಡಬೇಡಿ. ಅವರು ಮಾಡಿದ ಒಂದು ಕೆಲಸ ಮೊದಲು ಹೇಳಿ, ಗಾದೆ ಆಮೇಲೆ ಬರಲಿ. ತೀರ್ಥಹಳ್ಳಿ ಕಡೆಯ ಸಂಘದ ಸಭೆಯಲ್ಲಿ ಊರಿನವರೇ ಆದ ಅಡಿಕೆ ಬೆಳೆಗಾರರು ಮಾತಾಡುವವರಿದ್ದಾರೆ ಅಂದುಕೊಳ್ಳಿ. "ಮಳೆ ಹಿಡಿಯೋ ಮುಂಚೆ ನಮ್ಮಲ್ಲಿ ಎಷ್ಟೋ ಜನರ ತೋಟಕ್ಕೆ ಬೋರ್ಡೋ ದ್ರಾವಣ ಹದ ಮಾಡಿಕೊಟ್ಟವರು ಇವರು. ಆದರೂ ಕೊಳೆರೋಗದ ಬಗ್ಗೆ ಮಾತಾಡೋಕೆ ಹೊರಗಿನವರನ್ನೇ ಕರೀತಿದ್ವಿ. ಹಿತ್ತಲ ಗಿಡ ಮದ್ದಲ್ಲ ಅಂದ್ಕೊಂಡಿದ್ವಿ" ಎಂದರೆ ಸಾಕು. ಗಾದೆಯ ತಪ್ಪು ಅತಿಥಿಯದಲ್ಲ, ನಮ್ಮದು ಅಂತ ಕೂತವರಿಗೆ ಹೊಳೆಯುತ್ತದೆ. ಆತ್ಮೀಯತೆ ಬರುವುದು ಅಲ್ಲಿಂದ. ಇದನ್ನೇ ಮೊದಲ ಸಾಲಾಗಿ ಹೇಳಿದರೆ ಅವರನ್ನೇ ಹಗುರ ಮಾಡಿದಂತೆ ಕೇಳಿಸುತ್ತದೆ. ಬೆಂಗಳೂರಿಂದ ಬಂದವರಿಗಂತೂ ಈ ಗಾದೆ ಹೊಂದುವುದೇ ಇಲ್ಲ. ಇನ್ನು "ತುಂಬಿದ ಕೊಡ ತುಳುಕುವುದಿಲ್ಲ" ಎಂಬುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ, ಯಾರಿಗೆ ಬೇಕಾದರೂ ಹೇಳಬಹುದಾದದ್ದು ಅದು. ಅನುಮಾನವಿದ್ದರೆ ಹೆಸರು ಬದಲಿಸಿ ಓದಿ ನೋಡಿ: ಮುಂದಿನ ತಿಂಗಳ ಅತಿಥಿಗೂ ಹೊಂದಿದರೆ ಗಾದೆ ತೆಗೆದುಬಿಡಿ. ಗಾದೆಯ ಅರ್ಥವನ್ನು ವಿವರಿಸಬೇಕಾಗಿ ಬಂದರೂ ಅಷ್ಟೇ. "ಮಾತು ಬೆಳ್ಳಿ, ಮೌನ ಬಂಗಾರ" ಮಾತ್ರ ಭಾಷಣಕಾರರ ಮುಂದೆ ಬೇಡವೇ ಬೇಡ, ಬಾಯಿ ಮುಚ್ಚಿ ಎಂದಂತಾಗುತ್ತದೆ.