ಹೈಸ್ಕೂಲ್ ಮಕ್ಕಳ ಆರೋಗ್ಯ ತಪಾಸಣೆ: ಯೋಜನೆ ಹಾಕುವುದು ಹೇಗೆ?

ಸಮುದಾಯ ಆರೋಗ್ಯ ಶುಶ್ರೂಷೆಯ ಪಾಠದಲ್ಲಿ ಶಾಲಾ ತಪಾಸಣೆಯ ಯೋಜನೆ ಬರೆಯಲು ಕೊಡುತ್ತಾರೆ. ಹೆಚ್ಚಿನವರು ತೂಕದ ಯಂತ್ರ, ಬ್ಯಾನರ್, ಉದ್ಘಾಟನೆಯಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ತೊಂದರೆ ಇದೆ ಎಂದು ಗೊತ್ತಾದ ಮಗು ನಾಳೆ ಎಲ್ಲಿಗೆ ಹೋಗಬೇಕು, ಅಲ್ಲಿ ಯಾರು ನೋಡುತ್ತಾರೆ? ಇದಕ್ಕೆ ಉತ್ತರ ಇಲ್ಲದ ತೊಂದರೆಯನ್ನು ಸುಮ್ನೆ ಹುಡುಕಬಾರದು.

ಹಾಗಾಗಿ ಮೊದಲ ಭೇಟಿ ಶಾಲೆಗಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಈ ಶಾಲೆಗೆ ಯಾವಾಗ ಬರುತ್ತದೆ ಎಂದು ವೈದ್ಯಾಧಿಕಾರಿಯ ಬಳಿ ಕೇಳಿ. ಕಬ್ಬಿಣಾಂಶದ ಮಾತ್ರೆ ದಾಸ್ತಾನು ಇದೆಯೇ, ಕಣ್ಣು ಪರೀಕ್ಷಿಸುವವರು ಯಾವ ದಿನ ಸಿಗುತ್ತಾರೆ, ಹದಿಹರೆಯದವರ ಸ್ನೇಹ ಕ್ಲಿನಿಕ್ ಎಲ್ಲಿದೆ ಎಂಬುದನ್ನೂ ಬರೆದುಕೊಳ್ಳಿ. ಆಮೇಲೆ ಮುಖ್ಯ ಶಿಕ್ಷಕರನ್ನು ಕಾಣಿ. ಪೋಷಕರ ಒಪ್ಪಿಗೆ ಚೀಟಿ ಕನ್ನಡದಲ್ಲಿರಲಿ, ಬೆರಳಿನಿಂದ ಒಂದು ಹನಿ ರಕ್ತ ತೆಗೆಯುತ್ತೇವೆ ಎಂದು ಅದರಲ್ಲಿ ಸ್ಪಷ್ಟವಾಗಿ ಇರಲಿ. ಪೋಷಕರು ಸಹಿ ಹಾಕಿದ್ದರೂ ಮಗು ಬೇಡ ಎಂದರೆ ಬಿಟ್ಟುಬಿಡಬೇಕು.

ಏನೇನು ತಪಾಸಣೆ? ಎತ್ತರ, ತೂಕ, ದೃಷ್ಟಿ, ಹಿಮೋಗ್ಲೋಬಿನ್. ಮೊದಲ ಸಲಕ್ಕೆ ಇಷ್ಟು ಸಾಕು.

ಈಗ ಸಮಯದ ಲೆಕ್ಕ. ಎಂಟರಿಂದ ಹತ್ತನೇ ತರಗತಿವರೆಗೆ 120 ಮಕ್ಕಳಿದ್ದಾರೆ ಎಂದುಕೊಳ್ಳಿ. ಎತ್ತರ, ತೂಕಕ್ಕೆ ಎರಡು ನಿಮಿಷ ಸಾಕು. ಹಿಮೋಗ್ಲೋಬಿನ್ ನೋಡಿ ಬರೆಯಲು ನಾಲ್ಕು ನಿಮಿಷ ಬೇಕು. ಅಂದರೆ ಒಂದು ಮೇಜಿನಲ್ಲಿ ಗಂಟೆಗೆ 15 ಮಕ್ಕಳು, ಒಟ್ಟು ಎಂಟು ಗಂಟೆ. ಎರಡು ಮೇಜು ಹಾಕಿ, ದಿನಕ್ಕೆ 60 ಮಕ್ಕಳಂತೆ ಎರಡು ದಿನ ಇಟ್ಟುಕೊಂಡರೆ ದಿನಕ್ಕೆ ಎರಡೇ ಗಂಟೆಯ ಕೆಲಸ. ಪಾಠವೂ ಜಾಸ್ತಿ ಕೆಡುವುದಿಲ್ಲ. ದೃಷ್ಟಿಗೂ ಸುಮಾರು ಇಷ್ಟೇ ಹೊತ್ತು ಹಿಡಿಯುತ್ತದೆ, ಅದಕ್ಕೂ ಎರಡು ಜಾಗ ಬೇಕು. ಸ್ಟ್ರಿಪ್, ಲ್ಯಾನ್ಸೆಟ್ ಎರಡನ್ನೂ ಹತ್ತನೇ ಒಂದು ಭಾಗ ಹೆಚ್ಚಿಗೆ ಸೇರಿಸಿ 132ರಂತೆ ತನ್ನಿ. ಬಳಸಿದ ಲ್ಯಾನ್ಸೆಟ್ ಹಾಕಲು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ ಬೇಕೇ ಬೇಕು.

ತಿಂಡಿ ತಿನ್ನದೆ ಬಂದ ಮಕ್ಕಳು ರಕ್ತ ಕಂಡರೆ ತಲೆಸುತ್ತಿ ಬೀಳಬಹುದು. ಶಾಲೆಯಲ್ಲಿ ಬೆಳಗಿನ ಹಾಲು ಕುಡಿದ ಮೇಲೆ, ಕೂರಿಸಿಯೇ ಶುರು ಮಾಡಿ. ಬೆರಳಿಗೆ ಹಚ್ಚಿದ ಸ್ಪಿರಿಟ್ ಪೂರ್ತಿ ಒಣಗಲಿ. ಮೊದಲ ಹನಿಯನ್ನು ಒರೆಸಿ, ಮುಂದಿನ ಹನಿ ಬಳಸಿ. ರಕ್ತ ಬರುತ್ತಿಲ್ಲ ಎಂದು ಬೆರಳು ಹಿಂಡಿದರೆ ಒಳಗಿನ ನೀರಿನಂಶವೂ ಬೆರೆತು, ಸಂಖ್ಯೆ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಒಂದೇ ಮೇಜಿನಿಂದ ಸಾಲಾಗಿ ಕಡಿಮೆ ಸಂಖ್ಯೆ ಬರುತ್ತಿದ್ದರೆ ಅಲ್ಲಿ ಕೂತವರ ಕೈ ಗಮನಿಸಿ.

ದೃಷ್ಟಿ ಫಲಕ ಆರು ಮೀಟರ್ ದೂರ, ಒಳ್ಳೆಯ ಬೆಳಕಿನಲ್ಲಿರಲಿ. ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿ. ಕನ್ನಡಕ ಇದ್ದರೆ ಹಾಕಿಕೊಂಡೇ ಓದಲಿ. ಸಾಲಿನಲ್ಲಿ ನಿಂತ ಮಕ್ಕಳು ಅಕ್ಷರಗಳನ್ನು ಬಾಯಿಪಾಠ ಮಾಡಿಬಿಡುತ್ತಾರೆ, ಹಾಗಾಗಿ ಸಾಲು ಕೋಣೆಯ ಹೊರಗಿರಬೇಕು. 6/9 ಸಾಲು ಓದಲಾಗದಿದ್ದರೆ ಕಣ್ಣಿನ ಪರೀಕ್ಷೆಗೆ ಕಳಿಸಿ.

ತೂಕವನ್ನು ಜೋರಾಗಿ ಕೂಗಬೇಡಿ. ಅದೇ ಸಂಖ್ಯೆ ಮಧ್ಯಾಹ್ನದೊಳಗೆ ಅಡ್ಡಹೆಸರಾಗಿರುತ್ತದೆ. ಹುಡುಗಿಯರ ಮುಟ್ಟಿನ ವಿಷಯವನ್ನು ಬೇರೆ ಕೋಣೆಯಲ್ಲಿ, ಮಹಿಳೆಯರೇ ಕೇಳಬೇಕು.

ಫಲಿತಾಂಶ ನೋಡುವಾಗ ವಯಸ್ಸು ಮುಖ್ಯ. ಮಗುವನ್ನು ಕೇಳಿ ಬರೆಯಬೇಡಿ, ದಾಖಲಾತಿ ಪುಸ್ತಕದ ಜನ್ಮದಿನಾಂಕ ನೋಡಿ. ಹುಡುಗನ ಹಿಮೋಗ್ಲೋಬಿನ್ 12.4 ಇದೆ ಎನ್ನಿ. ವಯಸ್ಸು 14 ಆದರೆ ಸರಿ, 15 ತುಂಬಿದ್ದರೆ ಸೌಮ್ಯ ರಕ್ತಹೀನತೆ, ಏಕೆಂದರೆ ಆಗ ಗಡಿ 12ರಿಂದ 13ಕ್ಕೆ ಏರುತ್ತದೆ. ಹುಡುಗಿಯರಿಗೆ 12 ವರ್ಷದ ನಂತರ ಗಡಿ 12 ಆಗಿಯೇ ಇರುತ್ತದೆ. 14ರ ಹುಡುಗಿಗೆ 10.4 ಬಂದರೆ ಮಧ್ಯಮ ರಕ್ತಹೀನತೆ. ಆಕೆಗೆ ವಾರಕ್ಕೊಂದು ನೀಲಿ ಮಾತ್ರೆ ಸಾಲದು, ವೈದ್ಯರು ದಿನನಿತ್ಯದ ಮಾತ್ರೆ ಬರೆದುಕೊಡಬೇಕು. 8ಕ್ಕಿಂತ ಕಡಿಮೆ ಇದ್ದರೆ ಚೀಟಿ ಕೊಟ್ಟು ಕಳಿಸಿದರೆ ಸಾಲದು. ಅವತ್ತೇ ಪೋಷಕರಿಗೆ ಫೋನ್ ಮಾಡಿ, ವೈದ್ಯಾಧಿಕಾರಿಗೆ ತಿಳಿಸಿ, ಆಸ್ಪತ್ರೆಗೆ ಕಳಿಸಬೇಕು.

ರೆಫರಲ್ ಚೀಟಿಯ ಒಂದು ಪ್ರತಿ ಪೋಷಕರಿಗೆ, ಒಂದು ಆರೋಗ್ಯ ಕೇಂದ್ರಕ್ಕೆ. ಶಾಲೆಗೆ ಹೆಸರು ಮತ್ತು ಹೋಗಬೇಕಾದ ದಿನ ಮಾತ್ರ ಸಾಕು. ವರದಿಯಲ್ಲಿ ‘120 ಮಕ್ಕಳ ತಪಾಸಣೆ ಮುಗಿಯಿತು’ ಎಂಬುದು ಗುರಿಯಾಗಬಾರದು. ‘ಕಳಿಸಿದ ಮಕ್ಕಳಲ್ಲಿ ಶೇ 80 ಮಂದಿ ಒಂದು ತಿಂಗಳೊಳಗೆ ವೈದ್ಯರನ್ನು ಕಾಣಬೇಕು’ ಎಂದು ಬರೆಯಿರಿ. ನಾಲ್ಕನೇ ವಾರ ಶಾಲೆಗೆ ಮತ್ತೆ ಹೋಗುವ ದಿನವನ್ನು ಯೋಜನೆಯಲ್ಲೇ ಗುರುತಿಸಿ. ಹೋಗದ ಮಕ್ಕಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಗೆ ಕೊಡಿ, ಕಾರಣ ಕೇಳಿ ಬರೆದುಕೊಳ್ಳಿ. ಬಸ್ಸು ಇಲ್ಲ, ಅಪ್ಪ ಅಮ್ಮ ಕೂಲಿ ಬಿಟ್ಟು ಬರಲಾಗುವುದಿಲ್ಲ ಎಂಬ ಉತ್ತರ ಬಂದರೆ, ವೈದ್ಯಾಧಿಕಾರಿಯನ್ನೇ ಒಂದು ದಿನ ಶಾಲೆಗೆ ಬರುವಂತೆ ಕೇಳಿಕೊಳ್ಳಿ.