ಮುಂಗಡದ ಒಂದು ಚೆಕ್ಕು ಉಳಿಸಿದ ತೆರಿಗೆ

2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಒಂದು 30x40 ಸೈಟಿಗೆ 41 ಲಕ್ಷಕ್ಕೆ ಮಾತಾಗಿ ಅಗ್ರಿಮೆಂಟ್ ಆಯಿತು. ಆಗ ಅಲ್ಲಿ ಸರ್ಕಾರದ ಮಾರ್ಗಸೂಚಿ ದರ ಚದರಡಿಗೆ 3,200 ರೂಪಾಯಿ. ಅಂದರೆ 38.4 ಲಕ್ಷ. ನಾವು ಕೊಡುತ್ತಿದ್ದದ್ದೇ ಜಾಸ್ತಿ, ಹಾಗಾಗಿ ಚಿಂತೆ ಇರಲಿಲ್ಲ.

ಬ್ಯಾಂಕ್ ಸಾಲ ತಡವಾಯಿತು. ಅಷ್ಟರಲ್ಲಿ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರ ಪರಿಷ್ಕರಣೆ ಆಯಿತು. ನಮ್ಮ ಬೀದಿಗೆ 4,000. ನವೆಂಬರ್‌ನಲ್ಲಿ ನೋಂದಣಿಗೆ ಹೋಗುವಾಗ ಅದೇ ಸೈಟಿನ ಬೆಲೆ ಸರ್ಕಾರದ ಲೆಕ್ಕದಲ್ಲಿ 48 ಲಕ್ಷ!

ಆಡಿಟರ್ ಹತ್ತಿರ ಕೂತು ಲೆಕ್ಕ ಹಾಕಿದೆವು. ಕೊಟ್ಟ ಬೆಲೆಯ ಶೇ. 10ರಷ್ಟು, ಅಂದರೆ 4.1 ಲಕ್ಷದವರೆಗಿನ ವ್ಯತ್ಯಾಸವನ್ನು ಕಾನೂನು ಬಿಟ್ಟುಬಿಡುತ್ತದೆ. ನಮ್ಮದು 7 ಲಕ್ಷ. ಮಿತಿ ದಾಟಿದರೆ ದಾಟಿದಷ್ಟಕ್ಕೆ ಮಾತ್ರ ತೆರಿಗೆ ಅಂತ ನಾನು ತಿಳಿದಿದ್ದೆ. ಹಾಗಲ್ಲ, ಪೂರ್ತಿ 7 ಲಕ್ಷಕ್ಕೂ ಬೀಳುತ್ತದೆ. ಅದೂ ಇಬ್ಬರಿಗೂ. ಮಾರುವವರು 48 ಲಕ್ಷಕ್ಕೇ ಮಾರಿದ್ದಾರೆ ಅಂತ ಹಿಡಿದು ಅವರ ಲಾಭ 7 ಲಕ್ಷ ಏರುತ್ತದೆ (ಆಗಿನ ಸೆಕ್ಷನ್ 50ಸಿ). ಅವರದು ಹಳೇ ಸೈಟು, ಆಗಿನ ದರದಲ್ಲಿ ಹೆಚ್ಚುವರಿ 1,45,600 ರೂಪಾಯಿ. ನನಗೆ ಅದೇ 7 ಲಕ್ಷ 'ಇತರ ಆದಾಯ' (ಆಗಿನ ಸೆಕ್ಷನ್ 56). ಶೇ. 30ರ ಸ್ಲ್ಯಾಬಿನಲ್ಲಿ ಸೆಸ್ ಸೇರಿ 2,18,400. ಕೈಗೆ ಬಾರದ ದುಡ್ಡಿಗೆ ಇಷ್ಟು ತೆರಿಗೆ ಅಂದರೆ ಹೊಟ್ಟೆ ಉರಿಯುತ್ತದೆ ಅಲ್ವಾ?

"ಅಗ್ರಿಮೆಂಟ್ ದಿನ ಮುಂಗಡ ಹೇಗೆ ಕೊಟ್ರಿ?" ಅಂತ ಆಡಿಟರ್ ಕೇಳಿದರು. ಬ್ರೋಕರ್ "ಕ್ಯಾಶ್ ಕೊಟ್ಬಿಡಿ ಸಾರ್, ಸುಮ್ನೆ ಯಾಕೆ ಬ್ಯಾಂಕು" ಅಂದಿದ್ದರು. ನಾನು ಒಪ್ಪದೆ 5 ಲಕ್ಷದ ಅಕೌಂಟ್ ಪೇಯಿ ಚೆಕ್ ಕೊಟ್ಟಿದ್ದೆ. ಅದೇ ಕಾಪಾಡಿತು. ಅಗ್ರಿಮೆಂಟ್ ದಿನವೇ ಅಥವಾ ಅದಕ್ಕೂ ಮೊದಲು ಸ್ವಲ್ಪ ಹಣವಾದರೂ ಇಂಥ ಚೆಕ್, ಡಿಡಿ ಅಥವಾ ಬ್ಯಾಂಕ್ ವರ್ಗಾವಣೆ ಮೂಲಕ ಹೋಗಿದ್ದರೆ, ಆದಾಯ ತೆರಿಗೆಗೆ ಅಗ್ರಿಮೆಂಟ್ ದಿನದ ಮಾರ್ಗಸೂಚಿ ಬೆಲೆ ಹಿಡಿಯಬಹುದು. 38.4 ಲಕ್ಷ 41ಕ್ಕಿಂತ ಕಡಿಮೆ, ಹಾಗಾಗಿ ಇಬ್ಬರಿಗೂ ಏನೂ ಬೀಳಲಿಲ್ಲ. ನಗದು ಕೊಟ್ಟಿದ್ದರೆ ಈ ದಾರಿಯೇ ಇಲ್ಲ.

ಮುದ್ರಾಂಕ ಶುಲ್ಕಕ್ಕೆ ಮಾತ್ರ ಈ ವಿನಾಯಿತಿ ಇಲ್ಲ. ಅದನ್ನು 48 ಲಕ್ಷದ ಮೇಲೇ ಕಟ್ಟಿದೆ.

ಕ್ರಯಪತ್ರದಲ್ಲಿ ಅಗ್ರಿಮೆಂಟ್ ತಾರೀಕು, ಚೆಕ್ ನಂಬರ್, ಬ್ಯಾಂಕಿನ ಹೆಸರು ಬರೆಸಿದೆವು. ಆಗಸ್ಟ್‌ನಲ್ಲಿ ಜಾರಿಯಲ್ಲಿದ್ದ ದರಪಟ್ಟಿಯ ಪ್ರತಿಯನ್ನೂ ಫೈಲಿಗೆ ಹಾಕಿದೆ. 30 ಲಕ್ಷ ಮೀರಿದ ನೋಂದಣಿಯ ವಿವರ ಆಗ ಹೇಗೂ ಆದಾಯ ತೆರಿಗೆ ಇಲಾಖೆಗೆ ಹೋಗುತ್ತಿತ್ತು. ಯಾರಾದರೂ ಕೇಳಿದರೆ ತೋರಿಸಲು ಆ ಅಗ್ರಿಮೆಂಟ್, ಚೆಕ್ ಪಾಸಾದ ಪಾಸ್‌ಬುಕ್ ಪುಟ, ದರಪಟ್ಟಿ ಮೂರೂ ಒಂದೇ ಕವರಿನಲ್ಲಿವೆ. ಅದರದೇ ಒಂದು ಜೆರಾಕ್ಸ್ ಸೆಟ್ಟನ್ನು ಮಾರಿದವರಿಗೂ ಕೊಟ್ಟಿದ್ದೇನೆ.