ಸ್ವಂತ ನೋಟು ಬಿಟ್ಟರೆ ದೇಶದ ಕೈಯಿಂದ ಏನು ಹೋಗುತ್ತದೆ? ಬಳ್ಳಾರಿ ಜೀನ್ಸ್ ಲೆಕ್ಕದಲ್ಲಿ ನೋಡೋಣ

ಹತ್ತಾರು ದೇಶ ಸೇರಿ ಒಂದೇ ನೋಟು ಬಳಸಿದರೆ ವ್ಯಾಪಾರ ಸಲೀಸು. ಯೂರೋ ಹುಟ್ಟಿದ್ದೂ ಅದಕ್ಕೇ. ಆದರೆ ಸೇರುವ ದೇಶ ಏನು ಬಿಟ್ಟುಕೊಡುತ್ತದೆ? ಒಂದು ಹಾಳೆ ತಗೊಳ್ಳಿ, ಲೆಕ್ಕ ಹಾಕೋಣ.

ಮೊದಲು ಬೆಲೆ ಬರೆಯಿರಿ. ಬಳ್ಳಾರಿಯಲ್ಲಿ ಒಂದು ಜೀನ್ಸ್ ಪ್ಯಾಂಟಿಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. ಡಾಲರ್‌ಗೆ 80 ರೂಪಾಯಿ ಇದ್ದರೆ ಹೊರದೇಶದ ವ್ಯಾಪಾರಿಗೆ ಅದು 5 ಡಾಲರ್. ಬೇರೆ ದೇಶದವರು 4 ಡಾಲರ್‌ಗೇ ಕೊಡತೊಡಗಿದರೆ ನಮ್ಮ ಆರ್ಡರ್ ನಿಂತಿತು.

ಈಗ ರೂಪಾಯಿಯನ್ನು ಇಳಿಸಿ ನೋಡಿ. ಡಾಲರ್‌ಗೆ 100 ಆದರೆ ಅದೇ 400 ರೂಪಾಯಿಯ ಪ್ಯಾಂಟು 4 ಡಾಲರ್ ಆಗುತ್ತದೆ. ಹೊಲಿಯುವವರ ಕೂಲಿ ಮುಟ್ಟಬೇಕಾಗಿಲ್ಲ. ಪೆಟ್ರೋಲು, ಅಡುಗೆ ಎಣ್ಣೆ ತುಟ್ಟಿಯಾಗುತ್ತವೆ ನಿಜ. ಆ ನೋವು ಊರಿಗೆಲ್ಲ ಹಂಚಿಹೋಗುತ್ತದೆ, ಮಿಷನ್ನು ಮಾತ್ರ ಓಡುತ್ತಿರುತ್ತದೆ.

ಮುಂದೆ, ಸ್ವಂತ ನೋಟು ಇಲ್ಲ, ಡಾಲರ್ ದರ 80ರಲ್ಲೇ ನಿಂತಿದೆ ಅನ್ನಿ. 4 ಡಾಲರ್‌ಗೆ ಇಳಿಯಬೇಕಾದರೆ 400ರ ಖರ್ಚನ್ನು 320ಕ್ಕೆ ತರಬೇಕು. ಎಲ್ಲಿ ಕಡಿಯುವುದು? ಕೂಲಿಯಲ್ಲೇ ಅಲ್ವಾ? ಇಲ್ಲೇ ನಿಜವಾದ ಪೆಟ್ಟು ಇರುವುದು. ಕೂಲಿ ಇಳಿದರೂ ಮನೆ ಸಾಲದ ಕಂತು ಇಳಿಯುವುದಿಲ್ಲ. ಕಂತು ಕಟ್ಟಲು ಜನ ಅಂಗಡಿಗೆ ಹೋಗುವುದು ಬಿಡುತ್ತಾರೆ, ಅಂಗಡಿಯವನು ಆಳನ್ನು ಬಿಡಿಸುತ್ತಾನೆ.

ಗ್ರೀಸ್‌ನಲ್ಲಿ ಹೀಗೇ ಆಯಿತು. 2001ರಲ್ಲಿ ತನ್ನ ಸ್ವಂತ ನೋಟಾದ ಡ್ರಾಕ್ಮಾ ಬಿಟ್ಟು ಯೂರೋ ಸೇರಿದ ದೇಶ ಅದು. ಸರ್ಕಾರ ಜಾಸ್ತಿ ಸಾಲ ಮಾಡಿತ್ತು, ಆ ತಪ್ಪು ಅದರದ್ದೇ. ಆದರೆ ಇಳಿಸಿಕೊಳ್ಳಲು ಡ್ರಾಕ್ಮಾ ಇರಲಿಲ್ಲ. 2012ರಲ್ಲಿ ಕನಿಷ್ಠ ಕೂಲಿಯನ್ನೇ ಶೇ 22ರಷ್ಟು ಕಡಿದರು. 2013ರಲ್ಲಿ ದುಡಿಯಲು ಸಿದ್ಧರಿದ್ದ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕೆಲಸ ಇರಲಿಲ್ಲ.

ಸ್ವಂತ ನೋಟು ಬಿಟ್ಟ ದೇಶಕ್ಕೆ ಬ್ಯಾಂಕಿನ ಬಾಗಿಲೂ ತನ್ನ ಕೈಯಲ್ಲಿರುವುದಿಲ್ಲ. ಬ್ಯಾಂಕಿಗೆ ಜನ ಮುಗಿಬಿದ್ದರೆ ನಮ್ಮಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿ ಕೊಟ್ಟು ನಿಲ್ಲಿಸಬಹುದು. ಯೂರೋ ಎಷ್ಟು ಕೊಡಬೇಕು ಅನ್ನುವುದು ಫ್ರಾಂಕ್‌ಫರ್ಟ್‌ನಲ್ಲಿರುವ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ತೀರ್ಮಾನ. 2015ರ ಜೂನ್ ಕೊನೆಗೆ ಅದು ತುರ್ತು ಹಣವನ್ನು ಹೆಚ್ಚಿಸಲು ಒಪ್ಪಲಿಲ್ಲ. ಗ್ರೀಸ್‌ನ ಬ್ಯಾಂಕುಗಳು ಮುಚ್ಚಿದವು. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ ತೆಗೆಯಬಹುದಿತ್ತು.

ಹಾಗಾದರೆ ಬಳ್ಳಾರಿಗೂ ಸ್ವಂತ ನೋಟಿಲ್ಲವಲ್ಲ, ಮುಂಬೈಗೂ ನಮಗೂ ಒಂದೇ ರೂಪಾಯಿ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ನಮಗೂ ಇಳಿಸಲು ‘ಬಳ್ಳಾರಿ ರೂಪಾಯಿ’ ಇರಲಿಲ್ಲ. ಕೆಲಸ ಹೋದವರು ಕಷ್ಟಪಟ್ಟರು. ಆದರೂ ರೇಷನ್ ಅಕ್ಕಿ, ಪಿಂಚಣಿ, ಉದ್ಯೋಗ ಖಾತ್ರಿಯ ದುಡ್ಡು ಬೆಂಗಳೂರು, ದೆಹಲಿಗಳಿಂದ ಬರುತ್ತಲೇ ಇತ್ತು. ಅದನ್ನು ಬಳ್ಳಾರಿ ಸಾಲ ಅಂತ ತೀರಿಸಬೇಕಾಗಿರಲಿಲ್ಲ. ಯುರೋಪ್ ಒಕ್ಕೂಟದ ಬೊಕ್ಕಸವಾದರೋ ಅಲ್ಲಿನ ಒಟ್ಟು ಆದಾಯದ ಸುಮಾರು ಶೇ 1ರಷ್ಟೇ. ಗ್ರೀಸ್‌ಗೆ ಬಂದ ನೆರವಿನ ಬಹುಪಾಲು ಸಾಲವಾಗಿಯೇ ಬಂತು, ಷರತ್ತುಗಳ ಜೊತೆಗೆ.